ಕೌಶಿಕನ ಸತ್ಯಕ್ಕೆ ಎಷ್ಟು ಮಾರ್ಕು? ಧರ್ಮಸಂಕಟದ ಬರಹಗಳಿಗೆ ರೂಬ್ರಿಕ್ ಮಾಡುವ ಬಗೆ

ಕೆಲವು ವರ್ಷಗಳ ಹಿಂದೆ ಎಂಟನೇ ಕ್ಲಾಸಿನ ಮಕ್ಕಳಿಗೆ ಒಂದು ಕಥೆ ಕೊಟ್ಟು, ‘ನಿನಗೆ ಏನನ್ನಿಸಿತು ಬರಿ’ ಎಂದಿದ್ದೆ. 32 ಬರಹ ಬಂದವು. ‘ಸತ್ಯವೇ ದೇವರು’ ಎಂದು ಶುರುವಾಗಿ ‘ನಾನು ಸದಾ ಸತ್ಯವನ್ನೇ ಹೇಳುತ್ತೇನೆ’ ಎಂದು ಮುಗಿಯುವ ಚಂದದ ಅಕ್ಷರದ ಬರಹಕ್ಕೆ ಹತ್ತರಲ್ಲಿ ಒಂಬತ್ತು ಕೊಟ್ಟೆ. ತಪ್ಪು ತಪ್ಪು ಕನ್ನಡದಲ್ಲಿ, ಆದರೆ ನಿಜಕ್ಕೂ ತಲೆ ಕೆಡಿಸಿಕೊಂಡು ಬರೆದ ಹುಡುಗನಿಗೆ ನಾಲ್ಕು ಕೊಟ್ಟೆ. ಅವನು ಬಂದು, ‘ಟೀಚರ್, ನಾನು ಬರೆದದ್ದರಲ್ಲಿ ತಪ್ಪು ಯಾವುದು?’ ಎಂದು ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾವುದಕ್ಕೆ ಮಾರ್ಕು ಎಂದು ನಾನೇ ತೀರ್ಮಾನ ಮಾಡಿರಲಿಲ್ಲ.

ಆಮೇಲೆ ಮಾಡಿಕೊಂಡ ರೂಬ್ರಿಕ್ ಇದು, ಅಂದರೆ ಯಾವುದಕ್ಕೆ ಎಷ್ಟು ಮಾರ್ಕು ಎಂದು ಮೊದಲೇ ಬರೆದಿಡುವ ಪಟ್ಟಿ. ನಾಲ್ಕೈದು ಸಲ ತಿದ್ದಿದ್ದೇನೆ. ನಮ್ಮ ಕಾಸರಗೋಡಿನ ಕನ್ನಡ ಮೀಡಿಯಂ ಕ್ಲಾಸುಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಇಲ್ಲಿ ಒಂದೇ ಬೆಂಚಿನಲ್ಲಿ ಮಧೂರು ದೇವಸ್ಥಾನಕ್ಕೆ ಹೋಗುವ ಮಗು, ಮದ್ರಸಕ್ಕೆ ಹೋಗಿ ಬಂದ ಮಗು, ಬೇಳ ಇಗರ್ಜಿಯ ಮಗು ಮೂವರೂ ಕೂತಿರುತ್ತಾರೆ. ಮನೆಯಲ್ಲಿ ತುಳು, ಹವ್ಯಕ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಉಪ್ಪಳ ಕಡೆಯವರಾದರೆ ಉರ್ದು. ಬರೆಯುವುದು ಮಾತ್ರ ಕನ್ನಡದಲ್ಲಿ. ಈ ಎರಡು ಸಂಗತಿ ಮರೆತು ಮಾಡಿದ ರೂಬ್ರಿಕ್ ಇಲ್ಲಿ ನಡೆಯುವುದಿಲ್ಲ.

ಮೊದಲು ಕಥೆ ಆರಿಸಿ, ಅರ್ಧಕ್ಕೆ ನಿಲ್ಲಿಸಿ

ಎಲ್ಲ ಧಾರ್ಮಿಕ ಕಥೆಯೂ ಧರ್ಮಸಂಕಟದ ಕಥೆಯಲ್ಲ. ಕದಿಯುವುದು ಒಳ್ಳೆಯದೋ ಕೆಟ್ಟದ್ದೋ ಎಂಬಂಥ ಕಥೆಯಲ್ಲಿ ಸಂಕಟವೇ ಇಲ್ಲ, ಅಲ್ವಾ? ಎರಡೂ ಒಳ್ಳೆಯದೇ ಆಗಿದ್ದು, ಒಂದನ್ನು ಹಿಡಿದರೆ ಇನ್ನೊಂದು ಕೈತಪ್ಪಬೇಕು. ಆಗ ಮಾತ್ರ ಮಕ್ಕಳಿಗೆ ಯೋಚಿಸಲು ಏನಾದರೂ ಉಳಿಯುತ್ತದೆ.

ನಾನು ಬಳಸುವುದು ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಹೇಳುವ ಕೌಶಿಕನ ಕಥೆ. ಕೌಶಿಕ ಊರಿಂದ ಸ್ವಲ್ಪ ದೂರ, ನದಿಗಳು ಕೂಡುವ ಜಾಗದಲ್ಲಿದ್ದ ತಪಸ್ವಿ. ಎಂದೂ ಸುಳ್ಳು ಹೇಳುವುದಿಲ್ಲ ಎಂಬುದು ಅವನ ವ್ರತ. ಕಳ್ಳರಿಗೆ ಹೆದರಿ ಓಡಿ ಬಂದ ಕೆಲವರು ಅಲ್ಲೇ ಕಾಡಿನಲ್ಲಿ ಅಡಗಿಕೊಂಡರು. ಹಿಂದೆಯೇ ಬಂದ ಕಳ್ಳರು, ‘ಅವರು ಯಾವ ಕಡೆ ಹೋದರು?’ ಎಂದು ಕೇಳಿದರು. ಕೌಶಿಕ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕಳ್ಳರು ಹೋಗಿ ಅವರನ್ನು ಕೊಂದರು.

ಹಾಳೆಯಲ್ಲಿ ಕಥೆಯನ್ನು ಇಲ್ಲಿಗೇ ನಿಲ್ಲಿಸಿ. ಮೂಲದಲ್ಲಿ ಕೌಶಿಕ ನರಕಕ್ಕೆ ಹೋಗುತ್ತಾನೆ. ಸುಮ್ಮನಿದ್ದು ಪಾರಾಗುವ ಹಾಗಿದ್ದರೆ ಸುಮ್ಮನಿರಬೇಕು, ಸುಮ್ಮನಿದ್ದರೂ ಅನುಮಾನ ಬರುವ ಹಾಗಿದ್ದರೆ ಅಲ್ಲಿ ಸುಳ್ಳೇ ಮೇಲು ಎಂದು ಕೃಷ್ಣ ಹೇಳುತ್ತಾನೆ. ಆ ತೀರ್ಪನ್ನು ಮೊದಲೇ ಕೊಟ್ಟರೆ 32 ಮಕ್ಕಳೂ ಅದನ್ನೇ ತಿರುಗಿಸಿ ಬರೆಯುತ್ತಾರೆ. ಬರಹ ಕೈಗೆ ಬಂದ ಮೇಲೆ ತೀರ್ಪು ಓದಿ ಹೇಳಿ. ಆಗ ಕ್ಲಾಸಿನಲ್ಲಿ ಎಷ್ಟು ಮಾತು ಹುಟ್ಟುತ್ತದೆ ನೋಡಿ.

ಒಂದು ಅವಧಿಯಲ್ಲಿ ಈ ಕಥೆಯಾದರೆ ಇನ್ನೊಂದು ಅವಧಿಯಲ್ಲಿ ಬೇರೆ ಪರಂಪರೆಯದ್ದು ತೆಗೆದುಕೊಳ್ಳಿ, ಆದರೆ ಸಂಕಟ ಅದೇ ಇರಲಿ. ಬೈಬಲಿನ ವಿಮೋಚನಕಾಂಡದಲ್ಲಿ ಇಬ್ಬರು ಸೂಲಗಿತ್ತಿಯರ ಕಥೆಯಿದೆ. ಗಂಡು ಕೂಸುಗಳನ್ನು ಕೊಲ್ಲಿ ಎಂದು ಅರಸ ಅಪ್ಪಣೆ ಮಾಡುತ್ತಾನೆ. ಅವರು ಕೊಲ್ಲದೆ, ‘ನಾವು ಹೋಗುವುದರೊಳಗೆ ಹೆರಿಗೆ ಆಗಿರುತ್ತದೆ’ ಎಂದು ಅರಸನಿಗೆ ಹೇಳುತ್ತಾರೆ. ಜಗಳವಾಡಿದ ಇಬ್ಬರನ್ನು ಒಂದು ಮಾಡಲು ಒಳ್ಳೆಯ ಮಾತು ದಾಟಿಸುವವನು ಸುಳ್ಳುಗಾರನಲ್ಲ ಎಂಬ ಹದೀಸ್ ಇದೆ. ಮೂರೂ ಸತ್ಯದ ಗಡಿಯನ್ನೇ ಕೇಳುತ್ತವೆ. ಹೀಗಾಗಿ ರೂಬ್ರಿಕ್ ಬದಲಿಸಬೇಕಾಗಿಲ್ಲ. ಒಂದೇ ಹಾಳೆಯಲ್ಲಿ ಮೂರನ್ನೂ ಇಟ್ಟು ‘ಯಾವ ಧರ್ಮ ಸರಿಯಾಗಿ ಹೇಳಿದೆ?’ ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆ ಮಕ್ಕಳನ್ನು ಯೋಚಿಸಲು ಬಿಡುವುದಿಲ್ಲ, ತಮ್ಮ ಮನೆಯ ಪರ ವಕೀಲಿ ಮಾಡಲು ನಿಲ್ಲಿಸುತ್ತದೆ. ನಿಮ್ಮದಲ್ಲದ ಪರಂಪರೆಯ ಪಠ್ಯವನ್ನು, ಅದನ್ನು ಓದಿ ಬಲ್ಲ ಒಬ್ಬರಿಗೆ ತೋರಿಸಿಯೇ ಅಚ್ಚು ಹಾಕಿ.

ಪಠ್ಯ ಹದಿನೈದು ಸಾಲಿನೊಳಗೆ ಇರಲಿ. ಎಲ್ಲರ ಕೈಗೂ ಅದೇ ಹಾಳೆ. ಅಜ್ಜಿ ಹೇಳಿದ ಕಥೆ ಗೊತ್ತಿದ್ದ ಮಗುವಿಗೆ ಅದರಿಂದ ಹೆಚ್ಚು ಮಾರ್ಕು ಬರಬಾರದು, ಕೇಳಿಯೇ ಇರದ ಮಗುವಿಗೆ ಕಡಿಮೆಯೂ ಆಗಬಾರದು.

ಪ್ರಶ್ನೆ ಬರೆಯುವುದು

‘ಈ ಕಥೆಯಿಂದ ನಾವು ಕಲಿಯುವ ನೀತಿ ಏನು?’ ಎಂದರೆ ಬರುವುದು ಗಾದೆ. ನಾನು ಹೀಗೆ ಕೇಳುತ್ತೇನೆ: ‘ಕಳ್ಳರು ಎದುರು ನಿಂತಿದ್ದಾರೆ. ಆ ಹೊತ್ತಿಗೆ ಕೌಶಿಕ ಏನು ಮಾಡಬೇಕಿತ್ತು? ನಿನ್ನ ಮಾತನ್ನು ಒಪ್ಪದವನು ಏನು ಹೇಳಬಹುದು? ಅವನಿಗೆ ನಿನ್ನ ಉತ್ತರ ಏನು? ಇಂಥ ಇಕ್ಕಟ್ಟು ನೀನು ಕಂಡದ್ದೋ ಕೇಳಿದ್ದೋ ಇದ್ದರೆ ಬರಿ.’ ಒಂದೂವರೆ ಪುಟ, 40 ನಿಮಿಷ.

‘ಕಂಡದ್ದೋ ಕೇಳಿದ್ದೋ’ ಎಂಬ ಮಾತು ಬೇಕೇ ಬೇಕು. ‘ನಿನ್ನ ಜೀವನದಲ್ಲಿ’ ಎಂದು ಕೇಳಿದರೆ ಮನೆಯ ಗುಟ್ಟನ್ನು ಮಾರ್ಕಿಗಾಗಿ ಬರೆಸಿದ ಹಾಗಾಗುತ್ತದೆ. ಪಕ್ಕದ ಮನೆಯದ್ದು, ಬಸ್ಸಿನಲ್ಲಿ ಕಂಡದ್ದು, ಯಾವುದಾದರೂ ಸಾಕು. ಇಷ್ಟಾದರೂ ಒಮ್ಮೊಮ್ಮೆ ಯಾವುದೋ ಮಗು ತನಗಾಗುತ್ತಿರುವ ಹಿಂಸೆಯ ಬಗ್ಗೆ ಬರೆದುಬಿಡುತ್ತದೆ. ಆಗ ಮಾರ್ಕು ಹಾಕುವುದನ್ನು ಅಲ್ಲಿಗೇ ನಿಲ್ಲಿಸಿ. ಆ ಹಾಳೆಯನ್ನು ಬೇರೆಯವರ ಕೈಗೆ ಸಿಗದ ಹಾಗೆ ತೆಗೆದಿಡಿ. ಶಾಲೆಯಲ್ಲಿ ಹೇಳಬೇಕಾದವರಿಗೆ ಅದೇ ದಿನ ಹೇಳಿ, ಬೇಕಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಯಾವುದಕ್ಕೆ ಮಾರ್ಕು ಇಲ್ಲ

ಇದನ್ನು ಮಾನದಂಡಕ್ಕಿಂತ ಮೊದಲೇ ಬರೆದಿಡಿ. ಭಕ್ತಿಗೆ ಮಾರ್ಕಿಲ್ಲ. ಯಾವ ತೀರ್ಮಾನಕ್ಕೆ ಬಂದರು ಎಂಬುದಕ್ಕೂ ಇಲ್ಲ. ಕೌಶಿಕ ಹೇಳಿದ್ದೇ ಸರಿ ಎಂದು ಬರೆದ ಮಗುವಿಗೂ ಪೂರ್ತಿ ಮಾರ್ಕು ಸಿಗಬಹುದು. ‘ನನಗೆ ಇನ್ನೂ ಗೊತ್ತಾಗಿಲ್ಲ’ ಎಂದು ಕಾರಣ ಕೊಟ್ಟು ನಿಲ್ಲಿಸಿದ ಮಗುವಿಗೂ ಸಿಗಬಹುದು. ಇದು ನನ್ನ ಇಷ್ಟಾನಿಷ್ಟದ ಮಾತು ಮಾತ್ರ ಅಲ್ಲ. ಪೂರ್ತಿ ಸರಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಬಾರದು ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಅನುದಾನಿತ ಶಾಲೆಯಲ್ಲೂ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಅದರಲ್ಲಿ ಸೇರಿಸುವ ಹಾಗಿಲ್ಲ. ಧರ್ಮಗ್ರಂಥದ ಒಂದು ಕಥೆಯನ್ನು ಓದಿ ಯೋಚಿಸುವುದು ಬೇರೆ, ನಂಬಿಕೆಗೆ ಮಾರ್ಕು ಹಾಕುವುದು ಬೇರೆ. ನಮ್ಮ ಹಾಳೆಯಲ್ಲಿ ಆ ಗೆರೆ ಕಾಣಬೇಕು.

ಕಾಗುಣಿತ, ಅಕ್ಷರದ ಚಂದ, ಬರಹದ ಉದ್ದ ಇವಕ್ಕೂ ಇಲ್ಲಿ ಮಾರ್ಕಿಲ್ಲ. ಒಂದು ತುಳು ಮಾತೋ ಮಲಯಾಳ ಮಾತೋ ನುಸುಳಿದರೆ ಕಡಿಯಬೇಡಿ. ಭಾಷೆಯನ್ನು ಅಳೆಯಲು ಬೇರೆ ಕೆಲಸ ಕೊಟ್ಟರಾಯಿತು.

ನಾಲ್ಕು ಮಾನದಂಡ, 20 ಮಾರ್ಕು

ಇಕ್ಕಟ್ಟು ಗುರುತಿಸುವುದಕ್ಕೆ 4, ಹಾಳೆಯ ಪಠ್ಯ ಬಳಸುವುದಕ್ಕೆ 4, ತನ್ನನ್ನು ಒಪ್ಪದವನ ಮಾತನ್ನೂ ಹೇಳಿ ಉತ್ತರ ಕೊಡುವ ‘ಎದುರು ಅರ್ಥ’ಕ್ಕೆ 8, ತನ್ನ ತೀರ್ಮಾನಕ್ಕೆ 4.

ಇಕ್ಕಟ್ಟು ಎಂಬಲ್ಲಿ ನೋಡುವುದು ಒಂದೇ. ಎರಡು ಒಳ್ಳೆಯ ಸಂಗತಿಗಳು ಡಿಕ್ಕಿ ಹೊಡೆಯುವುದು ಮಗುವಿಗೆ ಕಂಡಿದೆಯೇ? ‘ಸುಳ್ಳು ಹೇಳಬಾರದು’ ಎಂದಷ್ಟೇ ಇದ್ದರೆ 1. ‘ಸತ್ಯ ಹೇಳಿದರೆ ಜನ ಸಾಯುತ್ತಾರೆ’ ಎಂದರೆ 2. ಎರಡೂ ಏಕೆ ಮುಖ್ಯ ಎಂದು ಹೇಳಿದರೆ 3. ಮೂರನೇ ದಾರಿ ಇದೆಯಾ ಎಂದು ಹುಡುಕಿ, ಅದೂ ಏಕೆ ಸುಲಭವಲ್ಲ ಎಂದು ಕಂಡುಕೊಂಡಿದ್ದರೆ 4.

ಪಠ್ಯ ಬಳಸುವಲ್ಲಿ, ಹಾಳೆಯಲ್ಲಿ ಇರುವುದನ್ನೂ ತಾನು ಊಹಿಸಿದ್ದನ್ನೂ ಮಗು ಬೇರೆ ಬೇರೆ ಇಟ್ಟಿದೆಯೇ ನೋಡಿ. ಕಥೆಯನ್ನು ಮತ್ತೆ ಹೇಳಿದರೆ 2ರ ಮೇಲೆ ಹೋಗಬೇಡಿ. ಕಥೆಯ ಒಂದು ವಿವರವನ್ನು ಎತ್ತಿ ಅದರ ಮೇಲೆ ವಾದ ನಿಲ್ಲಿಸಿದರೆ 3. ಅದರ ಜೊತೆಗೆ ‘ಇದು ಹಾಳೆಯಲ್ಲಿಲ್ಲ, ನನ್ನ ಊಹೆ’ ಎಂದು ತಿಳಿದು ಬರೆದಿದ್ದರೆ 4.

ತೀರ್ಮಾನದಲ್ಲಿ ಕಾರಣ ಇರಬೇಕು, ಅದರಿಂದ ಆಗುವ ನಷ್ಟವನ್ನೂ ಮಗು ಒಪ್ಪಿಕೊಂಡಿರಬೇಕು. ‘ನಾನು ಇನ್ನು ಮುಂದೆ ಒಳ್ಳೆಯವನಾಗುತ್ತೇನೆ’ ಎಂಬುದು ತೀರ್ಮಾನ ಅಲ್ಲ, ಅದಕ್ಕೆ 1.

ಎದುರು ಅರ್ಥ

ಎಂಟು ಮಾರ್ಕು ಇದಕ್ಕೆ ಇಟ್ಟಿರುವುದು ಸುಮ್ನೆ ಅಲ್ಲ. ನಮ್ಮ ಕಡೆ ತಾಳಮದ್ದಳೆ ಕೇಳಿದವರಿಗೆ ಇದು ಬೇಗ ಹತ್ತುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಇಬ್ಬರು ಎದುರುಬದುರು ಕೂತು ಮಾತಿನಲ್ಲೇ ಪಾತ್ರ ಕಟ್ಟುತ್ತಾರೆ. ಆ ಮಾತಿಗೇ ‘ಅರ್ಥ’ ಎನ್ನುವುದು. ಎದುರಿನವನ ಮಾತಿನಲ್ಲಿ ಬಲವಿಲ್ಲದಿದ್ದರೆ ಕೃಷ್ಣನ ಅರ್ಥವೂ ಸಪ್ಪೆಯಾಗುತ್ತದೆ. ಇಂದು ಕೃಷ್ಣನಾದವರು ನಾಳೆ ಕೌರವನಾಗಬೇಕು, ಅದೇ ನಿಷ್ಠೆಯಿಂದ ಆಗಬೇಕು. ಮಕ್ಕಳಿಗೆ ಇದನ್ನೇ ಹೇಳುತ್ತೇನೆ. ‘ನೀನು ಒಪ್ಪದ ಪಾತ್ರದ ಅರ್ಥವನ್ನೂ ಹೇಳು, ಅವನಿಗೆ ಮೋಸ ಮಾಡದ ಹಾಗೆ ಹೇಳು.’

ಮಟ್ಟಗಳು ಹೀಗಿವೆ:

- 2 ಮಾರ್ಕು: ಎದುರಿನವನು ಬರೇ ತಪ್ಪು ಅಥವಾ ದಡ್ಡ. ‘ಕೌಶಿಕನಿಗೆ ಬುದ್ಧಿ ಇರಲಿಲ್ಲ.’
- 4 ಮಾರ್ಕು: ಎದುರಿನವನ ಒಂದು ಕಾರಣ ಇದೆ, ಆದರೆ ಮುಂದಿನ ಸಾಲಿನಲ್ಲೇ ಉತ್ತರವಿಲ್ಲದೆ ಪಕ್ಕಕ್ಕೆ ಹೋಗಿದೆ.
- 6 ಮಾರ್ಕು: ಎದುರಿನವನೇ ಒಪ್ಪುವ ಹಾಗೆ ಅವನ ಕಾರಣ ಹೇಳಿ, ಅದಕ್ಕೆ ಉತ್ತರ ಕೊಟ್ಟಿದೆ.
- 8 ಮಾರ್ಕು: ಉತ್ತರ ಕೊಡುವಾಗ ತನ್ನ ಮಾತೂ ಸ್ವಲ್ಪ ಬದಲಾಗಿದೆ. ಎದುರಿನವನದ್ದು ಎಲ್ಲಿಯವರೆಗೆ ಸರಿ, ಎಲ್ಲಿಂದ ಸರಿಯಲ್ಲ ಎಂಬ ಗಡಿ ಕಾಣುತ್ತದೆ.

6 ಕೊಡಬಹುದೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಕೌಶಿಕನೇ ಈ ಹಾಳೆ ಓದಿದರೆ ‘ಹೌದು, ನಾನು ಯೋಚಿಸಿದ್ದು ಇದನ್ನೇ’ ಎನ್ನುತ್ತಾನಾ? ‘ನನಗೆ ಪುಣ್ಯ ಬೇಕಿತ್ತು, ಅದಕ್ಕೆ ಹೇಳಿದೆ’ ಎಂದು ಅವನ ಬಾಯಲ್ಲಿ ಹಾಕಿದರೆ ಅವನು ಒಪ್ಪುವುದಿಲ್ಲ. ‘ಇವತ್ತು ಒಳ್ಳೆಯದಕ್ಕೆಂದು ಸುಳ್ಳು ಹೇಳಿದರೆ ನಾಳೆ ನನ್ನ ಮಾತನ್ನು ಯಾರು ನಂಬುತ್ತಾರೆ?’ ಎಂದರೆ ಒಪ್ಪುತ್ತಾನೆ.

ಇಂಥ ವಾದ ಪರಂಪರೆಯ ಒಳಗೇ ನಡೆದಿದೆ ಎಂದು ಮಕ್ಕಳಿಗೆ ಆಮೇಲೆ ತೋರಿಸಿದರೆ ಅವರಿಗೆ ಧೈರ್ಯ ಬರುತ್ತದೆ. ಸುಳ್ಳು ಯಾವತ್ತೂ ತಪ್ಪೇ ಎಂದವನು ಸಂತ ಅಗಸ್ಟಿನ್. ಹಾಗಿದ್ದರೆ ಆ ಸೂಲಗಿತ್ತಿಯರಿಗೆ ದೇವರು ಒಲಿದದ್ದು ಹೇಗೆ? ಅವರ ಕರುಣೆಗೆ ಒಲಿದದ್ದು, ಸುಳ್ಳಿಗಲ್ಲ ಎಂದು ಅವನು ಉತ್ತರ ಕೊಟ್ಟ. ಒಪ್ಪುವುದು ಬಿಡುವುದು ಬೇರೆ ಮಾತು, ಆದರೆ ತನ್ನ ಮಾತಿಗೆ ಅಡ್ಡ ಬರುವ ಕಥೆಯನ್ನು ಅವನು ಮುಚ್ಚಿಡಲಿಲ್ಲ. ಎಂಟು ಮಾರ್ಕಿನ ದಾರಿ ಅದೇ.

ಎರಡು ಬರಹ, ಎರಡು ಲೆಕ್ಕ

ಮಕ್ಕಳ ಹಾಳೆಯನ್ನೇ ಇಲ್ಲಿ ಹಾಕಲು ನನಗೆ ಮನಸ್ಸಿಲ್ಲ. ಅವರು ಬರೆಯುವ ಧಾಟಿಯಲ್ಲೇ ಎರಡು ಮಾದರಿ ನಾನು ಬರೆದಿಟ್ಟಿದ್ದೇನೆ. ಮಾರ್ಕು ಹಾಕಲು ಕೂರುವ ಮುಂಚೆ ಪ್ರತಿ ಸಲ ಇವನ್ನು ಓದುತ್ತೇನೆ.

ಮೊದಲನೆಯದು: ‘ಸತ್ಯವೇ ದೇವರು. ಕೌಶಿಕನು ಸತ್ಯವನ್ನು ಹೇಳಿದನು. ಆದರೂ ಅವನು ನರಕಕ್ಕೆ ಹೋದನು ಎಂದು ಅಜ್ಜಿ ಹೇಳಿದ್ದಾರೆ. ಏಕೆಂದರೆ ಅವನಿಗೆ ಧರ್ಮ ತಿಳಿದಿರಲಿಲ್ಲ. ನಾವು ಸತ್ಯವನ್ನೂ ಧರ್ಮವನ್ನೂ ಪಾಲಿಸಬೇಕು. ನಾನು ಯಾವಾಗಲೂ ಒಳ್ಳೆಯದನ್ನೇ ಮಾಡುತ್ತೇನೆ.’

ಓದಲು ಚಂದ. ಆದರೆ ಇಕ್ಕಟ್ಟು ಎಲ್ಲಿ? ಸತ್ಯ ಮತ್ತು ಧರ್ಮ ಎರಡನ್ನೂ ಪಾಲಿಸಲು ಆಗುವುದಿಲ್ಲ ಎಂಬುದೇ ಕಥೆಯ ತೊಂದರೆ, ಅದನ್ನೇ ಈ ಮಗು ದಾಟಿ ಹೋಗಿದೆ. ಇಕ್ಕಟ್ಟಿಗೆ 1. ಪಠ್ಯಕ್ಕೆ 2, ನರಕದ ಮಾತು ಹಾಳೆಯಲ್ಲಿಲ್ಲ, ಅದರಿಂದ ಮಾರ್ಕು ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಎದುರು ಅರ್ಥಕ್ಕೆ 2. ತೀರ್ಮಾನಕ್ಕೆ 1. ಒಟ್ಟು 6.

ಎರಡನೆಯದು: ‘ಕೌಶಿಕ ಸುಮ್ನೆ ಕೂತಿದ್ರೆ ಆಗ್ತಿತ್ತು ಅಂತ ಮೊದಲು ಅನಿಸಿತ್ತು. ಆದರೆ ಸುಮ್ಮನೆ ಇದ್ರೆ ಇವನಿಗೆ ಗೊತ್ತುಂಟು ಅಂತ ಕಳ್ಳರಿಗೆ ಗೊತ್ತಾಗ್ತದೆ. ಇವನನ್ನೂ ಕೊಲ್ತಾರೆ. ಕೌಶಿಕ ಹೇಳಬಹುದು, ನಾನು ಒಂದು ಸಲ ಸುಳ್ಳು ಹೇಳಿದ್ರೆ ಮತ್ತೆ ಯಾರೂ ನಂಬುದಿಲ್ಲ ಅಂತ. ಅದು ಸರಿ. ಆದರೆ ಪುಣ್ಯಕೋಟಿ ಸತ್ಯಕ್ಕೆ ಅದರ ಜೀವ ಕೊಡ್ಲಿಕ್ಕೆ ಹೋಯ್ತು. ಕೌಶಿಕ ಬೇರೆಯವರ ಜೀವ ಕೊಟ್ಟ. ನಾನು ತಮ್ಮ ಗ್ಲಾಸು ಒಡೆದಾಗ ಸುಳ್ಳು ಹೇಳಿದ್ದೆ, ಅದೂ ಇದೇ ಅಂತ ಅಂದುಕೊಂಡಿದ್ದೆ. ಅಲ್ಲ. ಅಲ್ಲಿ ಯಾರೂ ಸಾಯ್ತಿರಲಿಲ್ಲ, ನನಗೆ ಬೈಗುಳ ತಪ್ಪಬೇಕಿತ್ತು ಅಷ್ಟೇ. ಇಲ್ಲಿ ಸುಳ್ಳು ಹೇಳ್ಬೇಕಿತ್ತು, ಆದರೆ ಹೇಳಿದ ಮೇಲೆ ವ್ರತ ಹೋಯ್ತು ಅಂತಲೂ ಅವನು ಒಪ್ಪಬೇಕು.’

ಇಕ್ಕಟ್ಟಿಗೆ 4. ಸುಮ್ಮನಿರುವ ದಾರಿಯನ್ನು ತಾನೇ ಹುಡುಕಿ, ತಾನೇ ಬಿಟ್ಟಿದೆ. ತೀರ್ಪು ಓದದೆಯೇ ಕೃಷ್ಣನ ಮಾತಿನ ಹತ್ತಿರಕ್ಕೆ ಬಂದಿದೆ. ಪಠ್ಯಕ್ಕೆ 3, ಏಕೆಂದರೆ ‘ಇವನನ್ನೂ ಕೊಲ್ತಾರೆ’ ಎಂಬುದು ಹಾಳೆಯಲ್ಲಿಲ್ಲ, ಮಗು ಅದನ್ನು ಊಹೆ ಎಂದು ಹೇಳಿಲ್ಲ. ತೀರ್ಮಾನಕ್ಕೆ 4, ವ್ರತ ಹೋಯಿತು ಎಂಬ ನಷ್ಟವನ್ನು ಒಪ್ಪಿಕೊಂಡಿದೆ.

ಎದುರು ಅರ್ಥಕ್ಕೆ ನಾನು 8 ಹಾಕಿದೆ, ಪಕ್ಕದ ಕ್ಲಾಸಿನ ಟೀಚರ್ 6 ಹಾಕಿದರು. ‘ಅದು ಸರಿ’ ಎಂದು ಎರಡೇ ಪದದಲ್ಲಿ ಮುಗಿಸಿದೆಯಲ್ಲಾ ಎಂದು ಅವರು ಕೇಳಿದರು. ನಾನು ಪುಣ್ಯಕೋಟಿಯ ಸಾಲು ತೋರಿಸಿದೆ. ಸತ್ಯದ ಬೆಲೆಯನ್ನು ನಾನೇ ಕೊಡುವಾಗ ಕೌಶಿಕನ ವ್ರತ ಸರಿ, ಬೇರೆಯವರ ಕೈಯಿಂದ ಕೊಡಿಸುವಾಗ ಸರಿಯಲ್ಲ. ಮಗು ಗಡಿ ಹಾಕಿದೆ, ‘ಗಡಿ’ ಎಂಬ ಪದ ಬಳಸಿಲ್ಲ ಅಷ್ಟೇ. ಅವರು ಒಪ್ಪಿದರು. ಆದರೆ ತಪ್ಪು ರೂಬ್ರಿಕ್‌ನಲ್ಲೂ ಇತ್ತು. ಆಗ 8ರ ಎದುರು ನಾನು ಬರೆದದ್ದು ‘ಆಳವಾಗಿ ಯೋಚಿಸಿದೆ’ ಎಂದು ಮಾತ್ರ. ಈಗಿರುವ ‘ಎಲ್ಲಿಯವರೆಗೆ ಸರಿ’ ಎಂಬ ಮಾತು ಆ ದಿನ ಸೇರಿದ್ದು. ಒಟ್ಟು 19.

ಮಾರ್ಕು ಹಾಕುವ ದಿನ

ಹೆಸರು ಕಾಣದ ಹಾಗೆ ಹಾಳೆಯ ಮೇಲ್ಭಾಗ ಮಡಚಿ. ನಮ್ಮ ಊರಿನಲ್ಲಿ ಹೆಸರು ನೋಡಿದರೆ ಮನೆ, ಜಾತಿ, ಧರ್ಮ ಎಲ್ಲ ಗೊತ್ತಾಗುತ್ತದೆ, ನಾವು ಎಷ್ಟೇ ಬೇಡ ಎಂದರೂ ಕಣ್ಣಿಗೆ ಬೀಳುತ್ತದೆ. ಆಮೇಲೆ ಒಂದೇ ಮಾನದಂಡವನ್ನು 32 ಹಾಳೆಗೂ ಮುಗಿಸಿ, ಮುಂದಿನದಕ್ಕೆ ಹೋಗಿ. ಒಂದು ಹಾಳೆಗೆ ನಾಲ್ಕೂ ಒಟ್ಟಿಗೆ ಹಾಕಿದರೆ, ಮೊದಲನೆಯದರಲ್ಲಿ ಖುಷಿ ಕೊಟ್ಟ ಮಗುವಿಗೆ ಉಳಿದ ಮೂರರಲ್ಲೂ ಕೈ ಉದಾರವಾಗುತ್ತದೆ.

ಐದು ಹಾಳೆಗಳನ್ನು ಇನ್ನೊಬ್ಬ ಟೀಚರಿಗೆ ಕೊಡಿ, ನಿಮ್ಮ ಮಾರ್ಕು ತೋರಿಸಬೇಡಿ. ಒಂದು ಮಟ್ಟದ ವ್ಯತ್ಯಾಸ ಬಂದರೆ ಮಾತಾಡಿ ಮುಗಿಸಬಹುದು. ಎರಡು ಮಟ್ಟ ಬಂದರೆ ಯಾರ ಮಾರ್ಕು ಸರಿ ಎಂದು ಜಗಳ ಬೇಡ, ರೂಬ್ರಿಕ್‌ನ ಆ ಸಾಲು ಸ್ಪಷ್ಟವಿಲ್ಲ, ಅದನ್ನು ತಿದ್ದಿ ಮತ್ತೆ ಓದಿ.

ಮುಗಿದ ಮೇಲೆ ನಿಮ್ಮನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ. ಹಾಳೆಗಳನ್ನು ಎರಡು ಕಟ್ಟು ಮಾಡಿ. ನಿಮ್ಮ ಅಭಿಪ್ರಾಯಕ್ಕೆ ಬಂದವರು ಒಂದು ಕಡೆ, ಬಾರದವರು ಇನ್ನೊಂದು ಕಡೆ. ಒಂದು ಕಟ್ಟಿನಲ್ಲಿ ಎಲ್ಲವೂ 15ರ ಮೇಲೆ, ಇನ್ನೊಂದರಲ್ಲಿ ಎಲ್ಲವೂ ಹತ್ತರ ಕೆಳಗೆ ಇದ್ದರೆ, ತೀರ್ಮಾನಕ್ಕೆ ಮಾರ್ಕು ಬಿದ್ದಿರುವ ಸಾಧ್ಯತೆ ಜಾಸ್ತಿ. ಕಡಿಮೆ ಬಂದ ಕಟ್ಟಿನ ಎದುರು ಅರ್ಥವನ್ನಾದರೂ ಮತ್ತೆ ಓದಿ. ನನಗೆ ಮೊದಲ ಸಲ ಹೀಗೇ ಆಗಿ ಮೂರು ಹಾಳೆಯ ಮಾರ್ಕು ಬದಲಿಸಬೇಕಾಯಿತು.

ಎರಡನೇ ಸಲದಿಂದ ಇನ್ನೊಂದು ತೊಂದರೆ ಶುರುವಾಗುತ್ತದೆ. ಎದುರು ಅರ್ಥಕ್ಕೆ ಮಾರ್ಕು ಜಾಸ್ತಿ ಎಂದು ಮಕ್ಕಳಿಗೆ ಗೊತ್ತಾಗಿ, ಎಲ್ಲರೂ ‘ಇನ್ನೊಂದು ಕಡೆಯಿಂದ ನೋಡಿದರೆ’ ಎಂದು ಒಂದು ಸಾಲು ಸೇರಿಸುತ್ತಾರೆ. ಆ ಸಾಲನ್ನು ಬೆರಳಿನಿಂದ ಮುಚ್ಚಿ ಓದಿ. ಅದಿಲ್ಲದೆಯೂ ಉಳಿದ ಬರಹ ಒಂದಿಷ್ಟೂ ಅಲುಗಾಡದಿದ್ದರೆ ಅದು 4ರದ್ದು, 6 ಅಲ್ಲ.

ಹಾಳೆ ತಿರುಗಿ ಕೊಡುವಾಗ

ಬರೇ ಅಂಕೆ ಬರೆದು ಕೊಡಬೇಡಿ. ‘ಚೆನ್ನಾಗಿದೆ’ ಎಂದೂ ಬೇಡ. ಒಂದು ಪ್ರಶ್ನೆ ಬರೆಯಿರಿ, ಅದು ಆ ಮಗುವಿನ ಮಾತಿನಿಂದಲೇ ಹುಟ್ಟಿರಲಿ. ಮೊದಲ ಮಾದರಿಯ ಮಗುವಿಗೆ ನಾನು ಬರೆಯುವುದು: ‘ಸತ್ಯ, ಧರ್ಮ ಎರಡನ್ನೂ ಪಾಲಿಸಬೇಕು ಎಂದಿದ್ದೀಯ. ಕಳ್ಳರು ಎದುರಿಗೆ ನಿಂತಾಗ ಕೌಶಿಕ ಬಾಯಿ ತೆರೆದು ಯಾವ ಮಾತು ಹೇಳಿದರೆ ಎರಡೂ ಉಳಿಯುತ್ತಿತ್ತು?’ ಎರಡನೆಯ ಮಗುವಿಗೆ: ‘ಕಳ್ಳರು ಕೌಶಿಕನನ್ನು ಕೊಲ್ಲುತ್ತಿರಲಿಲ್ಲ ಎಂದಾದರೆ ಸುಮ್ಮನಿರುವುದು ಸಾಕಾಗುತ್ತಿತ್ತಾ?’

ಕೃಷ್ಣನ ತೀರ್ಪನ್ನು ಓದಿ ಹೇಳುವುದು ಇದಾದ ಮೇಲೆ. ಒಂದು ವಾರ ಬಿಟ್ಟು ಅದೇ ಹಾಳೆಯ ಕೆಳಗೆ ಬೇರೆ ಬಣ್ಣದ ಪೆನ್ನಿನಲ್ಲಿ ಐದಾರು ಸಾಲು ಬರೆಸಿ. ಕೃಷ್ಣನನ್ನು ಒಪ್ಪಬೇಕೆಂದಿಲ್ಲ, ಅವನಿಗೂ ಎದುರು ಅರ್ಥ ಹೇಳಬಹುದು. ಹೊಸ ಸಾಲುಗಳಿಗೆ ಎದುರು ಅರ್ಥದ ಮಾರ್ಕನ್ನು ಮಾತ್ರ ಮತ್ತೆ ನೋಡಿ, ಹಳೆಯದಕ್ಕಿಂತ ಹೆಚ್ಚಿದ್ದರೆ ಹೊಸದನ್ನು ಇಟ್ಟುಕೊಳ್ಳಿ, ಕಡಿಮೆಯಾದರೆ ಹಳೆಯದೇ ಇರಲಿ.